ಅರವತ್ತರ ನಂತರ ಭಾರವಲ್ಲ, ವೇಗ ಉಳಿಯಬೇಕು

ಸಂಕ್ರಾಂತಿಯ ಹೊತ್ತಿಗೆ ವಿಜಯಪುರದಲ್ಲಿ ಜರುಗುವ ಶ್ರೀ ಸಿದ್ಧೇಶ್ವರ ಜಾತ್ರೆಯ ಭಾರ ಎತ್ತುವ ಸ್ಪರ್ಧೆಗಳನ್ನು ಈ ಪತ್ರಿಕೆಯ ಓದುಗರಲ್ಲಿ ಬಹಳ ಮಂದಿ ಕಂಡಿರುತ್ತಾರೆ. ಸಂಗ್ರಾಣಿ ಕಲ್ಲು, ಗುಂಡುಕಲ್ಲು, ಉಸುಕಿನ ಚೀಲ ಇವುಗಳನ್ನು ಎತ್ತಿದವರು ನಮ್ಮ ಮುದ್ದೇಬಿಹಾಳ, ಸಿಂದಗಿ, ಇಂಡಿ, ಬಸವನ ಬಾಗೇವಾಡಿ ಭಾಗದ ಊರೂರಿಗೂ ಇದ್ದಾರೆ. ಅವರಿಗೆ ವಯಸ್ಸಾದ ಮೇಲೆ ಏನಾಗುತ್ತದೆ ಎಂಬುದರ ಕಡೆಗೆ ಮಾತ್ರ ನಾವು ಲಕ್ಷ್ಯ ಕೊಟ್ಟಿಲ್ಲ. ದೈಹಿಕ ಶಿಕ್ಷಕನಾಗಿ ಸೇವೆ ಮುಗಿಸಿದ ಮೇಲೂ ಇಂಥ ಹಿರಿಯರ ಒಡನಾಟ ನನಗೆ ಉಳಿದುಕೊಂಡಿದೆ. ಅವರಲ್ಲಿ ಒಬ್ಬರ ಸಂಗತಿಯನ್ನು ಇಲ್ಲಿ ವಿವರವಾಗಿ ಹೇಳಬಯಸುತ್ತೇನೆ.

ನಾಲತವಾಡದ ಸಮೀಪದ ಹಳ್ಳಿಯ ಈ ಒಕ್ಕಲಿಗರಿಗೆ ಈಗ 64 ವರ್ಷ. ಪ್ರಾಯದಲ್ಲಿ ಜಾತ್ರೆಗಳಲ್ಲಿ ಕಲ್ಲು ಎತ್ತಿ ಹೆಸರು ಮಾಡಿದವರು. ಮನೆಯ ಹಿತ್ತಲಲ್ಲಿ ಸುಮಾರು 60 ಕೆ.ಜಿ. ತೂಕದ ಗುಂಡೊಂದಿದೆ; ಅದನ್ನು ಇಂದಿಗೂ ಎದೆಮಟ್ಟಕ್ಕೆ ತರುತ್ತಾರೆ. ಹೀಗಿದ್ದೂ ಕಳೆದ ವರ್ಷ ಟ್ರ್ಯಾಕ್ಟರಿನಿಂದ ಇಳಿಯುವಾಗ ಕಾಲು ತೊಡರಿ, ಇನ್ನೊಂದು ಕಾಲನ್ನು ಮುಂದಿಡುವಷ್ಟರಲ್ಲಿ ನೆಲಕ್ಕುರುಳಿ ಮಣಿಕಟ್ಟು ಮುರಿದುಕೊಂಡರು. ಕೈ ಕೂಡಿದ ಮೇಲೆ ನನ್ನಲ್ಲಿಗೆ ಬಂದು, "ಮಾಸ್ತರ್ರ, ಕಲ್ಲು ಇನ್ನೂ ಎತ್ತತೀನ್ರಿ. ಆದ್ರ ಮಠದಾಗ ಪಂಕ್ತಿಗೆ ಕುಂತು ಏಳೂಮುಂದ ಕೈ ಊರಬೇಕಾಗೇತಿ. ಇದೇನ್ರಿ ಹಿಂಗ?" ಎಂದು ಕೇಳಿದರು.

ಅವರ ಪ್ರಶ್ನೆಯಲ್ಲಿಯೇ ವಿಷಯದ ತಿರುಳಿದೆ. ಬಲ ಬೇರೆ, ಆ ಬಲವನ್ನು ಬೇಗನೆ ಹೊರಹಾಕುವ ಶಕ್ತಿ ಬೇರೆ. ಎರಡನೆಯದನ್ನು ವ್ಯಾಯಾಮಶಾಲೆಗಳಲ್ಲಿ ಪವರ್ ಎನ್ನುತ್ತಾರೆ. ಈ ಲೇಖನದಲ್ಲಿ ಅದನ್ನು ಚುರುಕು ಎಂದು ಕರೆಯುತ್ತೇನೆ. ಕಲ್ಲನ್ನು ಎದೆಗೆ ತರಲು ನಾಲ್ಕು ಸೆಕೆಂಡು ಹಿಡಿದರೂ ಅಡ್ಡಿಯಿಲ್ಲ, ಕಲ್ಲು ಕಾಯುತ್ತದೆ. ಎಡವಿದಾಗ ನೆಲ ಕಾಯುವುದಿಲ್ಲ. ಬೀಳುವ ದೇಹವನ್ನು ತಡೆಯುವ ಹೆಜ್ಜೆಯನ್ನು ಅರ್ಧ ಸೆಕೆಂಡಿನ ಒಳಗಾಗಿ ಇಡಬೇಕು. ಸ್ನಾಯುವು ತನ್ನ ಪೂರ್ಣ ಬಲಕ್ಕೆ ಏರಲು ಮೂರನೆಯ ಒಂದು ಸೆಕೆಂಡಿಗಿಂತ ಹೆಚ್ಚು ಕಾಲ ಬೇಕಾಗುವುದರಿಂದ, ಎಷ್ಟು ಬಲವಿದೆ ಎನ್ನುವುದಕ್ಕಿಂತ ಅದು ಎಷ್ಟು ಬೇಗ ಏರುತ್ತದೆ ಎನ್ನುವುದೇ ಅಲ್ಲಿ ನಿರ್ಣಾಯಕ.

ವಯಸ್ಸು ಮೊದಲು ಕಸಿಯುವುದು ಈ ಚುರುಕನ್ನೇ. ಬ್ರಿಟನ್ನಿನಲ್ಲಿ 65ರಿಂದ 89 ವರ್ಷದ ನೂರು ಜನ ಆರೋಗ್ಯವಂತ ಸ್ತ್ರೀಪುರುಷರನ್ನು ಪರೀಕ್ಷಿಸಿ 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸ್ನಾಯುಬಲ ವರ್ಷಕ್ಕೆ ಶೇ. 1ರಿಂದ 2ರಷ್ಟು ಇಳಿಯುತ್ತಿದ್ದರೆ, ಕಾಲುಗಳ ಚುರುಕು ಶೇ. 3.5ರಷ್ಟು ಇಳಿಯುತ್ತಿತ್ತು. ಕಾರಣ ಸ್ನಾಯುವಿನ ಒಳಗೇ ಇದೆ. ಸ್ನಾಯುಗಳಲ್ಲಿ ನಿಧಾನ ಎಳೆಗಳೂ ವೇಗದ ಎಳೆಗಳೂ ಇರುತ್ತವೆ. ವಯಸ್ಸಾದಂತೆ ಸೊರಗುವುದು ಹೆಚ್ಚಾಗಿ ವೇಗದ ಎಳೆಗಳು. ಅವುಗಳಿಗೆ ಆಜ್ಞೆ ಕಳಿಸುವ ಬೆನ್ನುಹುರಿಯ ನರಕೋಶಗಳೂ ಕಡಿಮೆಯಾಗುತ್ತ ಹೋಗುತ್ತವೆ. ಈ ಎಳೆಗಳನ್ನು ಎಚ್ಚರಿಸಲು ಎರಡು ಮಾರ್ಗಗಳುಂಟು. ಒಂದು, ಬಹಳ ಭಾರವನ್ನು ಎತ್ತುವುದು. ಇನ್ನೊಂದು, ಹಗುರ ಭಾರವನ್ನು ಸಾಧ್ಯವಾದಷ್ಟು ವೇಗವಾಗಿ ಎತ್ತುವುದು. ದಿನನಿತ್ಯದ ನಡಿಗೆ ಇವೆರಡರಲ್ಲಿ ಯಾವುದನ್ನೂ ಮಾಡುವುದಿಲ್ಲ. ಬೆಳಗಿನ ವಾಕಿಂಗಿನಿಂದಲೇ ಎಲ್ಲವೂ ಸಾಧಿಸಿತು ಎಂದು ನಂಬಿದವರು ಇದನ್ನು ಗಮನಿಸಬೇಕು.

ಇಲ್ಲಿ ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳಿಬಿಡುತ್ತೇನೆ. ಅರವತ್ತಾದ ಮೇಲೆ ಏನನ್ನೂ ಎತ್ತಬೇಡಿರಿ ಎಂದು ಮಕ್ಕಳು ಹೇಳುವುದು ತಪ್ಪು. ಪ್ರಾಯದ ಕಲ್ಲನ್ನೇ ಪ್ರತಿದಿನ ಎತ್ತಿ ತೋರಿಸುತ್ತೇನೆ ಎಂದು ಹಿರಿಯರು ಹಟ ಹಿಡಿಯುವುದೂ ತಪ್ಪು. ವಾರದ ಹೆಚ್ಚಿನ ಶ್ರಮ ಹಗುರ ಭಾರದ, ವೇಗದ ಚಲನೆಗೆ ಹೋಗಬೇಕು. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಸರಾಸರಿ 69 ವರ್ಷದ 112 ಜನರ ಮೇಲೆ ನಡೆದ ಪ್ರಯೋಗವೊಂದು ಇದಕ್ಕೆ ಆಧಾರ ಒದಗಿಸುತ್ತದೆ. ಒಂದು ಗುಂಪು ತನ್ನ ಗರಿಷ್ಠ ಭಾರದ ಶೇ. 20ರಷ್ಟನ್ನು, ಇನ್ನೊಂದು ಶೇ. 50ರಷ್ಟನ್ನು, ಮತ್ತೊಂದು ಶೇ. 80ರಷ್ಟನ್ನು ವೇಗವಾಗಿ ಎತ್ತಿತು. ಚುರುಕು ಮೂರೂ ಗುಂಪುಗಳಲ್ಲಿ ಹೆಚ್ಚುಕಡಿಮೆ ಸಮನಾಗಿ, ಶೇ. 14–15ರಷ್ಟು ಹೆಚ್ಚಿತು. ಬಲ ಎಲ್ಲಕ್ಕಿಂತ ಹೆಚ್ಚು ಏರಿದ್ದು ಭಾರದ ಗುಂಪಿನಲ್ಲಿ. ಆದರೆ ದೇಹದ ಸಮತೋಲನ ಹೆಚ್ಚು ಸುಧಾರಿಸಿದ್ದು ಅತಿ ಹಗುರ ಭಾರದ ಗುಂಪಿನಲ್ಲಿ. ಬೀಳುವ ಭಯವಿರುವ ವಯಸ್ಸಿನಲ್ಲಿ ಈ ಕೊನೆಯ ಮಾತು ಬಹಳ ಬೆಲೆಯುಳ್ಳದ್ದು.

ನಮ್ಮ ಹಿರಿಯರೊಂದಿಗೆ ಮೊದಲು ಮಾಡಿದ್ದು ಒಂದು ಸರಳ ಪರೀಕ್ಷೆ. ಗೋಡೆಗೆ ಆನಿಸಿದ ಕುರ್ಚಿಯಲ್ಲಿ ಕುಳಿತು, ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು, ಐದು ಸಲ ಪೂರ್ಣವಾಗಿ ಎದ್ದು ಕುಳಿತುಕೊಳ್ಳಬೇಕು. 15 ಸೆಕೆಂಡಿಗಿಂತ ಹೆಚ್ಚು ಕಾಲ ಹಿಡಿದರೆ ಕಾಲುಗಳು ಸೊರಗಿವೆ ಎಂದು ವೈದ್ಯರು ಭಾವಿಸುತ್ತಾರೆ. 60 ಕೆ.ಜಿ. ಗುಂಡನ್ನು ಎತ್ತುವ ಇವರಿಗೆ 16 ಸೆಕೆಂಡು ಬೇಕಾಯಿತು! ಅವರೇ ಗಡಿಯಾರವನ್ನು ಇಸಿದುಕೊಂಡು ನೋಡಿ ಸುಮ್ಮನಾದರು.

ಅನಂತರ ವೈದ್ಯರಲ್ಲಿಗೆ ಕಳಿಸಿದೆ. ರಕ್ತದೊತ್ತಡ 160/100 ಮೀರಿದ್ದರೆ, ನಡೆದಾಗ ಎದೆನೋವು ಬರುತ್ತಿದ್ದರೆ, ಅಂಡವಾಯು ಇದ್ದರೆ, ಮೂಳೆ ಟೊಳ್ಳಾಗಿದೆಯೆಂದು ತಿಳಿದಿದ್ದರೆ, ಇತ್ತೀಚೆಗೆ ಕಣ್ಣಿನ ಶಸ್ತ್ರಚಿಕಿತ್ಸೆ ಆಗಿದ್ದರೆ ವೈದ್ಯರ ಒಪ್ಪಿಗೆಯಿಲ್ಲದೆ ಇದನ್ನು ಆರಂಭಿಸಕೂಡದು. ಸಕ್ಕರೆ ಕಾಯಿಲೆಯಿಂದ ಅಂಗಾಲು ಜೋಮು ಹಿಡಿದವರು ಜಿಗಿತಗಳನ್ನು ಪೂರ್ತಿ ಬಿಡಬೇಕು. ಕಾಲು ನೆಲ ಮುಟ್ಟಿದ್ದು ಅವರಿಗೆ ಸರಿಯಾಗಿ ತಿಳಿಯುವುದಿಲ್ಲ.

ಮೊದಲ ನಾಲ್ಕು ವಾರ ಜಿಗಿತವೇ ಇರಲಿಲ್ಲ. ವಾರಕ್ಕೆ ಎರಡು ದಿನ, ನಡುವೆ ಎರಡು ದಿನ ಬಿಡುವು. ಹತ್ತು ನಿಮಿಷ ನಡೆದು, ಕೀಲುಗಳನ್ನು ಆಡಿಸಿ ಮೈ ಬೆಚ್ಚಗಾದ ಮೇಲೆ ಕುರ್ಚಿಯಿಂದ ಏಳುವುದು: "ಒಂದು" ಎಂದು ಬಾಯಲ್ಲಿ ಹೇಳಿ ಮುಗಿಸುವಷ್ಟರಲ್ಲಿ ಎದ್ದು ನಿಲ್ಲಬೇಕು, ಮೂರು ಎಣಿಸುತ್ತ ನಿಧಾನವಾಗಿ ಕುಳಿತುಕೊಳ್ಳಬೇಕು. ಐದು ಸಲ ಮಾಡಿ ಎರಡು ನಿಮಿಷ ದಣಿವಾರಿಸಿಕೊಂಡು ಮತ್ತೆ ಐದು; ಹೀಗೆ ಮೂರು ಸರದಿ. ಆಮೇಲೆ 12 ಕೆ.ಜಿ. ಉಸುಕು ತುಂಬಿ ಎರಡು ಹೊಲಿಗೆ ಹಾಕಿದ ಚೀಲ, ಅಂದರೆ ಅವರ ಗುಂಡಿನ ಐದನೆಯ ಒಂದು ಪಾಲು. ಮೊಣಕಾಲೆತ್ತರದ ಕಟ್ಟೆಯ ಮೇಲಿಂದ ಅದನ್ನು ಎದೆಗೆ ಸರ್ರನೆ ಎಳೆದುಕೊಂಡು ನಿಧಾನವಾಗಿ ಇಳಿಸುವುದು, ಇದೂ ಐದರ ಮೂರು ಸರದಿ. ಕಲ್ಲಿನ ಬದಲು ಚೀಲವನ್ನು ಆರಿಸಿದ್ದಕ್ಕೆ ಕಾರಣವಿದೆ. ವೇಗದಲ್ಲಿ ಕೈಜಾರಿದರೂ ಚೀಲ ಪಾದ ಮುರಿಯುವುದಿಲ್ಲ. ಏಳುವಾಗ ಉಸಿರು ಬಿಡಬೇಕು. ಉಸಿರು ಕಟ್ಟಿದರೆ ರಕ್ತದೊತ್ತಡ ಒಮ್ಮೆಲೆ ಏರುತ್ತದೆ. ಕಲ್ಲೆತ್ತಿ ಬೆಳೆದವರಿಗೆ ಉಸಿರು ಕಟ್ಟುವುದು ರೂಢಿಯಾಗಿರುವುದರಿಂದ ಇದನ್ನು ಬಿಡಿಸುವುದೇ ಕಷ್ಟವಾಯಿತು.

ಅವರಿಗೆ ಒಗ್ಗದ ಇನ್ನೊಂದು ಸಂಗತಿಯೆಂದರೆ ದಣಿಯುವ ಮೊದಲೇ ನಿಲ್ಲಿಸುವುದು. "ಬೆವರ ಬರಲಿಲ್ಲಂದ್ರ ಅದೆಂಥಾ ಸಾಮುರಿ?" ಎಂದು ಅಸಮಾಧಾನಪಟ್ಟರು. ಆದರೆ ಚುರುಕಿನ ಅಭ್ಯಾಸದಲ್ಲಿ ದಣಿವು ಗುರಿಯಲ್ಲ. ಐದನೆಯ ಸಲದ ಏಳುವಿಕೆ ಮೊದಲನೆಯದಕ್ಕಿಂತ ಕಣ್ಣಿಗೆ ಕಾಣುವಷ್ಟು ನಿಧಾನವಾಯಿತೆಂದರೆ ಆ ಸರದಿ ಅಲ್ಲಿಗೆ ಮುಗಿಯಬೇಕು. ನಿಧಾನವಾದ ಮೇಲೆ ಮಾಡಿದ್ದು ನಿಧಾನವನ್ನೇ ಕಲಿಸುತ್ತದೆ. ಎಂಟನೆಯ ತರಗತಿಯಲ್ಲಿ ಓದುವ ಮೊಮ್ಮಗ ಪಕ್ಕದಲ್ಲಿ ನಿಂತು "ಮುತ್ಯಾ, ಸಾಕು" ಎಂದು ಕೂಗುವ ಏರ್ಪಾಡು ಮಾಡಿದ ಮೇಲೆ ದಾರಿಗೆ ಬಂದರು.

ಐದನೆಯ ವಾರದಿಂದ ಜಿಗಿತದ ಪೂರ್ವಸಿದ್ಧತೆ. ಕಂಬ ಹಿಡಿದು ಹಿಮ್ಮಡಿಗಳನ್ನು ವೇಗವಾಗಿ ಎತ್ತುವುದು ಹತ್ತು ಸಲ. ಅದು ಸಲೀಸಾದ ಮೇಲೆ ಬೆರಳುಗಳು ನೆಲವನ್ನು ಕೂದಲೆಳೆಯಷ್ಟು ಬಿಡುವಂತೆ ಪುಟಿಯುವುದು. ಹತ್ತು ಸೆಂ.ಮೀ. ಎತ್ತರದ ಹಲಗೆಯಿಂದ ಒಂದು ಕಾಲು ಮುಂದಿಟ್ಟು ಇಳಿದು, ಎರಡೂ ಪಾದ ನೆಲಕ್ಕೂರಿ, ಮೊಣಕಾಲು ಮಡಿಸಿ ಎರಡು ಎಣಿಸುವವರೆಗೆ ಅಲುಗದೆ ನಿಲ್ಲುವುದು. ಜಿಗಿಯುವುದಕ್ಕಿಂತ ನೆಲಕ್ಕಿಳಿಯುವುದನ್ನು ಮೊದಲು ಕಲಿಯಬೇಕೆಂಬುದು ಇದರ ಉದ್ದೇಶ. ಸರಿಯಾಯಿತೋ ಇಲ್ಲವೋ ಎಂದು ಕಿವಿಯೇ ಹೇಳುತ್ತದೆ. ಧೊಪ್ಪೆಂದು ಸದ್ದಾದರೆ ಆ ಹೊಡೆತವನ್ನು ಮೂಳೆ ಮತ್ತು ಕೀಲುಗಳು ತಿಂದವು ಎಂದರ್ಥ. ಸದ್ದಡಗಿದರೆ ಸ್ನಾಯುಗಳು ಹೊತ್ತುಕೊಂಡವು. ಮೊಣಕಾಲುಗಳು ಒಂದನ್ನೊಂದು ಮುಟ್ಟುವಂತೆ ಒಳಬಾಗಿದರೆ ಹಲಗೆಯನ್ನು ಇನ್ನೂ ತಗ್ಗಿಸಬೇಕು.

ಜಾಗದ ಆಯ್ಕೆಯಲ್ಲಿ ನಾನೇ ಒಮ್ಮೆ ತಪ್ಪಿದೆ. ಗರಡಿಯ ಸಡಿಲ ಮಣ್ಣು ಮೆತ್ತಗಿರುವುದರಿಂದ ಸುರಕ್ಷಿತವೆಂದು ಬಗೆದು ಅಲ್ಲಿ ಇಳಿಸಿದಾಗ ಪಾದ ಓರೆಯಾಗಿ ಹೂತು ಕಣಕಾಲು ತುಸು ಉಳುಕಿತು, ಒಂದು ವಾರ ಹಿಂದುಳಿದೆವು. ಎರೆ ಹೊಲ ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಗಾಲದಲ್ಲಿ ಅಂಟುತ್ತದೆ. ಫರಸಿಗಲ್ಲಿನ ಮೇಲೆ ಧೂಳಿದ್ದರೆ ಜಾರಿಕೆ. ಬಡಿದು ಗಟ್ಟಿ ಮಾಡಿದ ಸಮನಾದ ಮಣ್ಣಿನ ಅಂಗಳ ಎಲ್ಲಕ್ಕಿಂತ ಉತ್ತಮ. ಚಪ್ಪಲಿ ಬೇಡ, ಬಿಗಿಯಾದ ಬೂಟು ಇರಲಿ, ಇಲ್ಲವೆ ಬರಿಗಾಲಿರಲಿ.

ಒಂಬತ್ತನೆಯ ವಾರದಲ್ಲಿ ನಿಜವಾದ ಜಿಗಿತ ಬಂತು. 15 ಸೆಂ.ಮೀ. ಎತ್ತರದ, ಅಲುಗಾಡದ, ಅಗಲವಾದ ಮರದ ಮಣೆಯ ಮೇಲಕ್ಕೆ ಎರಡೂ ಕಾಲು ಕೂಡಿ ಹಾರುವುದು, ಇಳಿಯುವಾಗ ಒಂದೊಂದೇ ಹೆಜ್ಜೆಯಿಟ್ಟು ಇಳಿಯುವುದು. ಮೇಲಕ್ಕೆ ಹಾರಿದಾಗ ದೇಹ ಮಣೆಯ ಮೇಲೆಯೇ ನಿಲ್ಲುವುದರಿಂದ ಕೆಳಗೆ ಬೀಳುವ ದೂರ ಕಡಿಮೆ, ಹೊಡೆತವೂ ಕಡಿಮೆ. ಮಣೆಯಿಂದ ಕೆಳಗೆ ಧುಮುಕುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಐದು ಜಿಗಿತದ ಮೂರು ಸರದಿ, ಅಷ್ಟೇ. ಮರುದಿನ ಬೆಳಗ್ಗೆ ಹಿಮ್ಮಡಿಯ ನರ ಬಿಗಿದು ಮೊದಲ ಹೆಜ್ಜೆಗಳಲ್ಲಿ ನೋಯುತ್ತಿದ್ದರೆ, ಅಥವಾ ಮೊಣಕಾಲು ಬಾತಿದ್ದರೆ, ಹಿಂದಿನ ದಿನದ್ದು ಅತಿಯಾಯಿತೆಂದು ತಿಳಿದು ಮುಂದಿನ ಸಲ ಅರ್ಧಕ್ಕೆ ಇಳಿಸಬೇಕು. ತೊಡೆಯ ಸ್ನಾಯು ಸ್ವಲ್ಪ ನೋಯುವುದು ಸಹಜ, ಅದಕ್ಕೆ ಅಂಜಬೇಕಿಲ್ಲ.

ಗುಂಡನ್ನು ಅವರಿಂದ ಕಸಿದುಕೊಳ್ಳಲಿಲ್ಲ. ಬಲವಿಲ್ಲದೆ ಬರಿಯ ವೇಗ ಹೆಚ್ಚು ದೂರ ಹೋಗದು, ಮೂಳೆಗೂ ಭಾರ ಬೇಕು. ವಾರಕ್ಕೆ ಒಂದು ದಿನ, 35–40 ಕೆ.ಜಿ. ಚೀಲವನ್ನು ನಾಲ್ಕಾರು ಸಲ ಎತ್ತುವುದೆಂದು ನಿಶ್ಚಯವಾಯಿತು, ಗುಂಡು ಹಬ್ಬಕ್ಕೊಮ್ಮೆ.

ಹನ್ನೆರಡು ವಾರಗಳ ಕೊನೆಗೆ ಅದೇ ಕುರ್ಚಿಯ ಪರೀಕ್ಷೆ 11 ಸೆಕೆಂಡಿನಲ್ಲಿ ಮುಗಿಯಿತು. ಪಂಕ್ತಿಯಿಂದ ಏಳುವಾಗ ಈಗ ಕೈ ಊರುವುದಿಲ್ಲ, ಬಸ್ಸಿನ ಮೊದಲ ಮೆಟ್ಟಿಲಿಗೆ ಕಂಬಿಯನ್ನು ಜಗ್ಗುವುದಿಲ್ಲ. ಒಬ್ಬರ ಅನುಭವದಿಂದ ಎಲ್ಲರಿಗೂ ಹೀಗೆಯೇ ಆಗುತ್ತದೆಂದು ಹೇಳಲಾಗದು. ಅವರು ಮೊದಲೇ ಸಾಮು ಮಾಡಿದವರು. ಎಂದೂ ಎತ್ತದವರು ಕುರ್ಚಿ ಮತ್ತು ಹಿಮ್ಮಡಿಯ ಅಭ್ಯಾಸದಲ್ಲಿಯೇ ಎರಡು ಮೂರು ತಿಂಗಳು ಕಳೆಯುವುದು ಒಳಿತು, ಜಿಗಿತದ ತನಕ ಹೋಗದಿದ್ದರೂ ನಷ್ಟವಿಲ್ಲ.

ಮೊನ್ನೆ ಬಂದಾಗ ಮಣೆಯನ್ನು 30 ಸೆಂ.ಮೀ.ಗೆ ಏರಿಸಲು ಕೇಳಿದರು. ನಾನು ಒಪ್ಪಲಿಲ್ಲ. ಎತ್ತರದ ಮಣೆಗೆ ಹಾರುವವನು ಹೆಚ್ಚು ನೆಗೆಯುವುದಕ್ಕಿಂತ ಮೊಣಕಾಲುಗಳನ್ನು ಎದೆಗೆ ಎಳೆದುಕೊಳ್ಳಲು ಕಲಿಯುತ್ತಾನೆ. ಅಂಚು ತಾಗಿದರೆ ಮೊಣಕಾಲ ಕೆಳಗಿನ ಎಲುಬು ಸುಲಿಯುತ್ತದೆ, ಹಿಂದಕ್ಕೆ ಬಿದ್ದರೆ ಸೊಂಟಕ್ಕೆ ಅಪಾಯ. ಅದೇ 15 ಸೆಂ.ಮೀ. ಮಣೆಯನ್ನು ಇನ್ನಷ್ಟು ಬೇಗ, ಇನ್ನಷ್ಟು ಸದ್ದಿಲ್ಲದೆ ಹಾರಬೇಕೆಂದು ಹೇಳಿ ಕಳಿಸಿದ್ದೇನೆ.