ನೀಟ್‌ಗಾಗಿ ಒಂದು ವರ್ಷ ಕಳೆಯಿತು. ಅರ್ಜಿಯಲ್ಲಿ ಏನೆಂದು ಬರೆಯುವುದು?

ನೀಟ್ ಫಲಿತಾಂಶ ಬಂದ ವಾರ ಪುಣೆ, ಮುಂಬೈ, ಹೈದರಾಬಾದ್‌ನ ಎಷ್ಟೋ ಮನೆಗಳಲ್ಲಿ ಒಂದೇ ಮಾತು: ‘ಇನ್ನೊಂದು ವರ್ಷ ಡ್ರಾಪ್ ತಗೊಂಡು ನೋಡೋಣ.’ 2025ರಲ್ಲಿ ಈ ಪರೀಕ್ಷೆ ಬರೆದವರು 22 ಲಕ್ಷಕ್ಕೂ ಹೆಚ್ಚು. ದೇಶದಲ್ಲಿರುವ ಎಂಬಿಬಿಎಸ್ ಸೀಟುಗಳು ಒಂದು ಲಕ್ಷ ಚಿಲ್ಲರೆ. ಹೀಗಾಗಿ ಡ್ರಾಪ್ ತೆಗೆದುಕೊಂಡ ಅನೇಕರು ಕೊನೆಗೆ ಬಯೋಟೆಕ್ನಾಲಜಿ, ಬಯೋಮೆಡಿಕಲ್ ಸೈನ್ಸ್, ಸೈಕಾಲಜಿಯಂಥ ಕೋರ್ಸ್‌ಗಳತ್ತ ತಿರುಗುತ್ತಾರೆ. ಆಗ ಎದುರಾಗುವ ಪ್ರಶ್ನೆ, ಆ ವರ್ಷವನ್ನು ಅರ್ಜಿಯಲ್ಲಿ ಹೇಗೆ ತೋರಿಸುವುದು ಎನ್ನುವುದು.

‘ಫೇಲ್ ಆದೆ ಅಂತ ಬರೀಬೇಡ, ಸಮಾಜಸೇವೆ ಮಾಡಿದೆ ಅಂತ ಬರಿ’ ಎಂಬ ಸಲಹೆ ನೆಂಟರಿಂದಲೂ ಬರುತ್ತದೆ, ಕೆಲವು ಏಜೆಂಟರಿಂದಲೂ ಬರುತ್ತದೆ. ಈ ಸಲಹೆಯೇ ಹೆಚ್ಚು ಅಪಾಯಕಾರಿ. ಏಕೆ ಎಂಬುದು ಅರ್ಜಿ ಓದುವವರ ಕಡೆಯಿಂದ ನೋಡಿದರೆ ತಿಳಿಯುತ್ತದೆ.

ಎಲ್ಲ ಕಡೆ ಸಮಿತಿ ಇರುವುದಿಲ್ಲ

ನೀಟ್, ಜೆಇಇ, ಸಿಯುಇಟಿ ಮೂಲಕ ನಡೆಯುವ ಕೌನ್ಸೆಲಿಂಗ್‌ನಲ್ಲಿ ಅಂಕ ಮತ್ತು ರ್‍ಯಾಂಕ್ ಮಾತ್ರ ಲೆಕ್ಕಕ್ಕೆ ಬರುತ್ತವೆ. ಅಲ್ಲಿ ಗ್ಯಾಪ್‌ಗೆ ವಿವರಣೆ ಓದುವವರು ಯಾರೂ ಇಲ್ಲ. ಇರುವುದು ನಿಯಮ ಮಾತ್ರ. ಉದಾಹರಣೆಗೆ ಜೆಇಇ ಅಡ್ವಾನ್ಸ್ಡ್ ಬರೆಯಲು ಸತತ ಎರಡು ವರ್ಷಗಳಲ್ಲಿ ಎರಡೇ ಅವಕಾಶ. ನೀಟ್‌ಗೆ ಅಂಥ ಮಿತಿ ಇಲ್ಲ.

ಆದರೆ ದಾಖಲೆ ಪರಿಶೀಲನೆ ವೇಳೆ ಹಲವೆಡೆ ‘ಗ್ಯಾಪ್ ಸರ್ಟಿಫಿಕೇಟ್’ ಕೇಳುತ್ತಾರೆ. ಇದು ಸಾಮಾನ್ಯವಾಗಿ ಸ್ಟಾಂಪ್ ಪೇಪರ್ ಮೇಲೆ ನೋಟರಿ ಮಾಡಿಸಿದ ಅಫಿಡವಿಟ್. ಇಂಥ ದಿನಾಂಕದಿಂದ ಇಂಥ ದಿನಾಂಕದವರೆಗೆ ಯಾವ ಕಾಲೇಜಿಗೂ ಸೇರಿರಲಿಲ್ಲ ಎಂಬ ಪ್ರಮಾಣ ಅದರಲ್ಲಿರುತ್ತದೆ. ಎಡವುವುದು ಇಲ್ಲೇ. ಹೆಸರಿಗೊಂದು ಬಿಎಸ್‌ಸಿ ಸೇರಿ, ತರಗತಿಗೆ ಹೋಗದೆ ಕೋಚಿಂಗ್‌ಗೆ ಹೋದವರು ‘ಗ್ಯಾಪ್’ ಎಂದು ಪ್ರಮಾಣ ಮಾಡಿದರೆ ಅದು ಸುಳ್ಳು ಪ್ರಮಾಣಪತ್ರವಾಗುತ್ತದೆ. ಅವರು ಕೊಡಬೇಕಾದದ್ದು ಆ ಕಾಲೇಜಿನ ವರ್ಗಾವಣೆ ಅಥವಾ ಮೈಗ್ರೇಶನ್ ಪತ್ರ.

ಸಮಿತಿ ಹುಡುಕುವುದು ಏನನ್ನು?

ಬ್ರಿಟನ್, ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಮತ್ತು ಪ್ರಬಂಧ, ಸಂದರ್ಶನ ನಡೆಸುವ ನಮ್ಮ ಕೆಲವು ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಅರ್ಜಿಯನ್ನು ಮನುಷ್ಯರು ಓದುತ್ತಾರೆ. ಅವರ ಮುಂದೆ ಅಂಕಪಟ್ಟಿ, ಶಾಲೆಯ ಶಿಫಾರಸು ಪತ್ರ, ವಿದ್ಯಾರ್ಥಿಯ ಬರಹ ಮೂರೂ ಇರುತ್ತವೆ. ಅಂಕಪಟ್ಟಿಯಲ್ಲಿ 2024 ಎಂದಿದ್ದು ಪ್ರವೇಶ 2026ಕ್ಕೆ ಎಂದಿದ್ದರೆ, ನಡುವಿನ ಅಂತರ ಹೇಳದೆಯೂ ಕಾಣುತ್ತದೆ.

ಗ್ಯಾಪ್ ಇದೆ ಎಂಬ ಒಂದೇ ಕಾರಣಕ್ಕೆ ಅರ್ಜಿ ಬದಿಗೆ ಸರಿಯುವುದು ಅಪರೂಪ. ಓದುವವರ ಮನಸ್ಸಿನಲ್ಲಿರುವ ಪ್ರಶ್ನೆಗಳು ಬೇರೆ. ಈ ತಿಂಗಳುಗಳಲ್ಲಿ ಇವರು ಎಲ್ಲಿದ್ದರು? ಓದಿನ ಅಭ್ಯಾಸ ಉಳಿದಿದೆಯೇ? ಈ ಕೋರ್ಸ್ ನಿಜಕ್ಕೂ ಬೇಕೇ, ಅಥವಾ ಮುಂದಿನ ಮೇನಲ್ಲಿ ಮತ್ತೆ ನೀಟ್ ಬರೆದು ಬಿಟ್ಟು ಹೋಗುತ್ತಾರೆಯೇ? ಕೊನೆಯದು ನಮ್ಮ ಡ್ರಾಪರ್‌ಗಳಿಗೆ ಅತಿ ಮುಖ್ಯ. ಬಹುತೇಕ ಅರ್ಜಿಗಳು ಉತ್ತರಿಸದೆ ಬಿಡುವುದೂ ಅದನ್ನೇ.

ಹಾರ್ವರ್ಡ್ ಗ್ಯಾಪ್ ಇಯರ್‌ಗೆ ಪ್ರೋತ್ಸಾಹ ಕೊಡುತ್ತದೆ ಎಂಬ ಮಾತನ್ನು ಇಲ್ಲಿ ಎಳೆದು ತರುವವರಿದ್ದಾರೆ. ಅದು ಸೀಟು ಸಿಕ್ಕವರು ಸೇರುವುದನ್ನು ಒಂದು ವರ್ಷ ಮುಂದೂಡುವ ವಿಚಾರ. ಸೀಟಿಗಾಗಿ ಕಾದ ವರ್ಷಕ್ಕೆ ಅದನ್ನು ಸಮರ್ಥನೆಯಾಗಿ ಬಳಸಿದರೆ ಓದುವವರು ಒಪ್ಪುವುದಿಲ್ಲ.

ಒಂದು ಉದಾಹರಣೆ

ಪುಣೆಯ ವಿದ್ಯಾರ್ಥಿನಿಯೊಬ್ಬಳನ್ನು ಊಹಿಸಿಕೊಳ್ಳೋಣ. 2024ರಲ್ಲಿ ಹನ್ನೆರಡನೇ ತರಗತಿ ಮುಗಿಸಿದಳು. ಆ ವರ್ಷದ ನೀಟ್‌ನಲ್ಲಿ ಸೀಟು ಸಿಗಲಿಲ್ಲ. ಜುಲೈಯಿಂದ ಕೋಚಿಂಗ್ ಸೇರಿ 2025ರ ಮೇನಲ್ಲಿ ಮತ್ತೆ ಬರೆದಳು, ಆಗಲೂ ಸಿಗಲಿಲ್ಲ. ಅದಾದ ಮೇಲೆ ಎರಡು ತಿಂಗಳು ಏನೂ ಮಾಡಲಿಲ್ಲ. ಆಗಸ್ಟ್‌ನಿಂದ ನೆರೆಯ ಮಕ್ಕಳಿಗೆ ಬಯಾಲಜಿ ಟ್ಯೂಷನ್ ಹೇಳುತ್ತ, ಜೆನೆಟಿಕ್ಸ್‌ನ ಒಂದು ಆನ್‌ಲೈನ್ ಕೋರ್ಸ್ ಮುಗಿಸಿದಳು. ಈಗ ಬ್ರಿಟನ್‌ನಲ್ಲಿ ಬಯೋಮೆಡಿಕಲ್ ಸೈನ್ಸ್‌ಗೆ ಅರ್ಜಿ ಹಾಕುತ್ತಿದ್ದಾಳೆ.

ಅವಳ ಮೊದಲ ಕರಡು ಹೀಗಿರಬಹುದು: ‘ನನ್ನನ್ನು ನಾನು ಕಂಡುಕೊಳ್ಳಲು ವಿರಾಮ ತೆಗೆದುಕೊಂಡೆ. ಈ ಅವಧಿಯಲ್ಲಿ ಸಮಾಜಸೇವೆಯಲ್ಲಿ ತೊಡಗಿದ್ದೆ.’ ಇದರಲ್ಲಿ ದಿನಾಂಕವಿಲ್ಲ, ಪರೀಕ್ಷೆಯ ಹೆಸರಿಲ್ಲ. ಶಿಕ್ಷಕರ ಪತ್ರದಲ್ಲಿ ‘ವೈದ್ಯಕೀಯ ಪ್ರವೇಶಕ್ಕೆ ಸಿದ್ಧತೆ ನಡೆಸುತ್ತಿದ್ದಳು’ ಎಂದಿದ್ದರೆ ಎರಡೂ ತಾಳೆಯಾಗುವುದಿಲ್ಲ. ಆಗ ಅನುಮಾನ ಬರುವುದು ಆ ಒಂದು ವರ್ಷದ ಮೇಲಷ್ಟೇ ಅಲ್ಲ, ಇಡೀ ಅರ್ಜಿಯ ಮೇಲೆ.

ತಿದ್ದಿದ ರೂಪ: ‘ಜುಲೈ 2024ರಿಂದ ಮೇ 2025ರವರೆಗೆ ಭಾರತದ ವೈದ್ಯಕೀಯ ಪ್ರವೇಶ ಪರೀಕ್ಷೆಗೆ ಎರಡನೇ ಬಾರಿ ಸಿದ್ಧತೆ ನಡೆಸಿದೆ, ಸೀಟು ಸಿಗಲಿಲ್ಲ. ಆ ಓದಿನಲ್ಲಿ ನನ್ನನ್ನು ಹಿಡಿದಿಟ್ಟದ್ದು ಆನುವಂಶೀಯತೆಯ ಪಾಠ. ಆಗಸ್ಟ್‌ನಿಂದ ಅದೇ ವಿಷಯದ ಕೋರ್ಸ್ ಮುಗಿಸಿದ್ದೇನೆ, ಹತ್ತನೇ ತರಗತಿಯ ಮಕ್ಕಳಿಗೆ ಬಯಾಲಜಿ ಕಲಿಸುತ್ತಿದ್ದೇನೆ. ಇನ್ನು ನೀಟ್ ಬರೆಯುವುದಿಲ್ಲ. ರೋಗದ ಕಾರಣವನ್ನು ಪ್ರಯೋಗಾಲಯದಲ್ಲಿ ಹುಡುಕುವ ಕೆಲಸ ನನಗೆ ಬೇಕು.’

ಸೋಲು ಇಲ್ಲಿ ಎರಡೇ ಪದಗಳಲ್ಲಿ ಮುಗಿಯಿತು. ಕ್ಷಮೆಯೂ ಇಲ್ಲ, ವ್ಯವಸ್ಥೆಯ ಮೇಲೆ ದೂರೂ ಇಲ್ಲ. ಸುಮ್ಮನಿದ್ದ ಎರಡು ತಿಂಗಳಿಗೆ ಬಣ್ಣ ಹಚ್ಚಿಲ್ಲ. ಸಂದರ್ಶನದಲ್ಲಿ ಕೇಳಿದರೆ ‘ಫಲಿತಾಂಶದ ನಂತರ ಮುಂದೇನೆಂದು ತೋಚಲಿಲ್ಲ, ಆಮೇಲೆ ಈ ದಾರಿ ಆರಿಸಿಕೊಂಡೆ’ ಎಂದರೆ ಸಾಕು. ಆದರೆ ‘ಇನ್ನು ನೀಟ್ ಬರೆಯುವುದಿಲ್ಲ’ ಎಂಬ ವಾಕ್ಯ ನಿಜವಾಗಿರಬೇಕು. ಮನಸ್ಸಿನಲ್ಲಿ ಇನ್ನೂ ನೀಟ್ ಇದ್ದರೆ ಅದನ್ನು ಬರೆಯಬಾರದು.

ಯಾವ ಜಾಗದಲ್ಲಿ ಬರೆಯಬೇಕು?

ಬ್ರಿಟನ್‌ನ ಯುಕಾಸ್ ಅರ್ಜಿಯಲ್ಲಿ 2026ರ ಪ್ರವೇಶದಿಂದ ಒಂದೇ ದೊಡ್ಡ ಪ್ರಬಂಧದ ಬದಲು ಮೂರು ಪ್ರಶ್ನೆಗಳಿವೆ. ಒಟ್ಟು ಮಿತಿ 4,000 ಅಕ್ಷರ. ಶಿಕ್ಷಣದ ಹೊರಗೆ ಏನು ಮಾಡಿದ್ದೀರಿ, ಅದು ಹೇಗೆ ಉಪಯುಕ್ತ ಎಂಬ ಮೂರನೇ ಪ್ರಶ್ನೆಯೇ ಗ್ಯಾಪ್‌ನ ಜಾಗ. ಕೋರ್ಸ್ ಏಕೆ ಬೇಕು ಎಂಬ ಮೊದಲ ಪ್ರಶ್ನೆಯನ್ನು ನೀಟ್ ಕಥೆಯಿಂದ ತುಂಬಿಸಿದರೆ ಅಲ್ಲಿ ವಿಷಯದ ಬಗ್ಗೆ ಹೇಳಲು ಜಾಗ ಉಳಿಯುವುದಿಲ್ಲ.

ಅಮೆರಿಕದ ಕಾಮನ್ ಆ್ಯಪ್‌ನಲ್ಲಿ ಓದಿನ ನಡುವೆ ಬಿಡುವು ಆಗಿದೆಯೇ ಎಂದು ನೇರವಾಗಿಯೇ ಕೇಳುತ್ತಾರೆ. ಅಲ್ಲಿ ದಿನಾಂಕ ಸಮೇತ ನಾಲ್ಕು ವಾಕ್ಯ ಸಾಕು. ಮುಖ್ಯ ಪ್ರಬಂಧವನ್ನು ಬೇರೆ ವಿಷಯಕ್ಕೆ ಇಟ್ಟುಕೊಳ್ಳುವುದು ಜಾಣತನ. ಎರಡೂ ಕಡೆ ಮೊದಲು ಸೇರಿದ್ದ ಕಾಲೇಜುಗಳ ಹೆಸರನ್ನು ಮುಚ್ಚಿಡುವಂತಿಲ್ಲ. ಮಾಹಿತಿ ಸುಳ್ಳೆಂದು ನಂತರ ತಿಳಿದರೂ ಪ್ರವೇಶ ರದ್ದಾಗಬಹುದು.

ಕಳಿಸುವ ಮೊದಲು ಶಿಫಾರಸು ಬರೆಯುವ ಶಿಕ್ಷಕರನ್ನು ಕಂಡು, ನಿಮ್ಮ ದಿನಾಂಕಗಳನ್ನೇ ಅವರಿಗೂ ಕೊಡಿ. ಯುಕಾಸ್‌ನ ಶಿಫಾರಸಿನಲ್ಲಿ ವಿದ್ಯಾರ್ಥಿಯ ವಿಶೇಷ ಪರಿಸ್ಥಿತಿ ತಿಳಿಸಲು ಪ್ರತ್ಯೇಕ ಭಾಗವೇ ಇದೆ.

ಕಾರಣ ಅನಾರೋಗ್ಯವಾದರೆ?

ಎಲ್ಲ ಗ್ಯಾಪ್‌ಗೂ ಪರೀಕ್ಷೆಯೇ ಕಾರಣವಲ್ಲ. ಖಿನ್ನತೆ, ಅಪ್ಪನ ಚಿಕಿತ್ಸೆ, ಫೀಸಿಗೆ ದುಡ್ಡಿಲ್ಲದ್ದು ಇವೂ ಇರುತ್ತವೆ. ಪ್ರಾಮಾಣಿಕತೆ ಎಂದರೆ ಎಲ್ಲವನ್ನೂ ತೆರೆದಿಡುವುದಲ್ಲ. ‘ಆರೋಗ್ಯದ ಕಾರಣ ಎಂಟು ತಿಂಗಳು ಓದು ನಿಲ್ಲಿಸಿದ್ದೆ, ಚಿಕಿತ್ಸೆ ಪಡೆದು ಜನವರಿಯಿಂದ ಮತ್ತೆ ಓದುತ್ತಿದ್ದೇನೆ’ ಎಂದರೆ ನಿಜವನ್ನೇ ಹೇಳಿದಂತಾಯಿತು. ಕಾಯಿಲೆಯ ಹೆಸರು ಹೇಳುವುದು, ಬಿಡುವುದು ವಿದ್ಯಾರ್ಥಿಗೆ ಬಿಟ್ಟದ್ದು. ಸಮಿತಿಗೆ ಬೇಕಿರುವುದು ಈಗ ಓದಲು ಸಾಧ್ಯವೇ ಎಂಬುದಕ್ಕೆ ಒಂದು ಗುರುತು, ಅಂದರೆ ಇತ್ತೀಚೆಗೆ ಮುಗಿಸಿದ ಒಂದು ಕೋರ್ಸ್, ಪರೀಕ್ಷೆ ಅಥವಾ ಕೆಲಸ.

ಅದಿಲ್ಲದಿದ್ದರೆ ವಿವರಣೆ ಎಷ್ಟೇ ಪ್ರಾಮಾಣಿಕವಾಗಿದ್ದರೂ ಕಡಿಮೆ ಅಂಕವನ್ನು ಅದು ಸರಿದೂಗಿಸುವುದಿಲ್ಲ. ವಿವರಣೆಯ ಕೆಲಸ ಅನುಮಾನ ತೆಗೆಯುವುದಷ್ಟೇ. ಸೀಟು ಕೊಡಿಸಬೇಕಾದದ್ದು ಅರ್ಜಿಯ ಉಳಿದ ಭಾಗ.