ಗಲ್ಲಾದಿಂದ ಮನೆಗೆ ಎಷ್ಟು?

ವರ್ಷದ ಕೊನೆಗೆ ಆಡಿಟರ್ ತೋರಿಸುವ ಲಾಭವೆಲ್ಲ ತಮ್ಮದೇ ಎಂದು ಅಂಗಡಿಯವರಿಗೆ ಅನಿಸುವುದು ಸಹಜ. ತೆರಿಗೆ ಇಲಾಖೆಯೂ ಹಾಗೇ ನೋಡುತ್ತದೆ. ಒಬ್ಬರದೇ ಮಾಲೀಕತ್ವದ ವ್ಯಾಪಾರದಲ್ಲಿ ಆ ಹಣವನ್ನು ಮನೆಗೆ ಒಯ್ದರೂ ಅಂಗಡಿಯಲ್ಲೇ ಬಿಟ್ಟರೂ ತೆರಿಗೆ ಒಂದೇ. ಆದರೆ ಅದು ಕೈಗೆ ಸಿಗುವ ಹಣವೇ?

ದಾವಣಗೆರೆಯಲ್ಲಿ ಒಂದು ಹಾರ್ಡ್‌ವೇರ್ ಅಂಗಡಿ ಇದೆಯೆಂದು ಇಟ್ಟುಕೊಳ್ಳೋಣ. ತಿಂಗಳಿಗೆ 5 ಲಕ್ಷದ ವ್ಯಾಪಾರ, ಸರಕಿಗೆ 4 ಲಕ್ಷ, ಬಾಡಿಗೆ, ಸಂಬಳ, ಬಡ್ಡಿಗೆ 45 ಸಾವಿರ. ವರ್ಷದ ಲಾಭ 6.6 ಲಕ್ಷ. ಇದರಲ್ಲಿ ಸಾಲದ ಅಸಲಿಗೆ 60 ಸಾವಿರ ಹೋಗುತ್ತದೆ; ಬಡ್ಡಿ ಖರ್ಚಿನಲ್ಲಿ ಕಾಣುತ್ತದೆ, ಅಸಲು ಕಾಣುವುದಿಲ್ಲ. ಸ್ಟಾಕು ಮತ್ತು ಉದ್ರಿಯಲ್ಲಿ 8.5 ಲಕ್ಷ ಸಿಕ್ಕಿಕೊಂಡಿದೆ; ಸಗಟು ವ್ಯಾಪಾರಿಗೆ ಕೊಡಬೇಕಾದ 4 ಲಕ್ಷ ಕಳೆದರೆ ಮಾಲೀಕರ ಕೈಯಿಂದ ಹೋಗಿರುವುದು 4.5 ಲಕ್ಷ. ಮುಂದಿನ ವರ್ಷ ವ್ಯಾಪಾರ ಶೇ. 20 ಬೆಳೆದರೆ ಅದಕ್ಕೆ ಇನ್ನೂ 90 ಸಾವಿರ ಬೇಕು. ಮೂರು ತಿಂಗಳ ಖರ್ಚನ್ನು ಆಪತ್ತಿಗೆಂದು ಎತ್ತಿಟ್ಟರೆ 1.35 ಲಕ್ಷ. ಮನೆಗೆ ತಿಂಗಳಿಗೆ 30 ಸಾವಿರದಂತೆ 3.6 ಲಕ್ಷ. ಎಲ್ಲ ಕಳೆದು ಉಳಿಯುವುದು 15 ಸಾವಿರ! ಈ ವರ್ಷ ಹೂಡಿಕೆಗೆ ತೆಗೆಯಬಹುದಾದದ್ದು ಅಷ್ಟೇ. ಆಪತ್ತಿನ ನಿಧಿ ಒಮ್ಮೆ ತುಂಬಿದರೆ, ಉಳಿದದ್ದೆಲ್ಲ ಹೀಗೇ ಇದ್ದಲ್ಲಿ, ಮರುವರ್ಷ ಅದು ಒಂದೂವರೆ ಲಕ್ಷವಾಗುತ್ತದೆ.

ಈ ಲೆಕ್ಕ ಹಾಕಲು ಖಾತೆಗಳು ಬೇರೆ ಇರಲೇಬೇಕು. ಗಲ್ಲಾದಿಂದ ಮಗಳ ಫೀಸು ಕೊಟ್ಟು, ಮನೆಯ ಫೋನ್‌ಪೇಯಿಂದ ಸಿಮೆಂಟಿಗೆ ಹಣ ಹಾಕುವವರಿಗೆ ಮನೆಖರ್ಚು ಎಷ್ಟೆಂದೇ ತಿಳಿಯದು. ಕರೆಂಟ್ ಅಕೌಂಟಿನಿಂದ ಎಸ್‌ಬಿ ಖಾತೆಗೆ ಗೊತ್ತಾದ ದಿನ ಗೊತ್ತಾದ ಮೊತ್ತ ಹೋಗಲಿ, ಸಂಬಳದಂತೆ. ಗಿರಾಕಿಯಿಂದ ವಸೂಲಾದ ಜಿಎಸ್‌ಟಿಯಂತೂ ಎರಡೂ ಲೆಕ್ಕಕ್ಕೆ ಸೇರಿದ್ದಲ್ಲ.

“ನನ್ನ ಅಂಗಡಿಗಿಂತ ಒಳ್ಳೆಯ ಹೂಡಿಕೆ ಯಾವುದಿದೆ?” ಎನ್ನುವವರ ಮಾತಿನಲ್ಲಿ ಅರ್ಧ ಹುರುಳಿದೆ. ಶೇ. 11ರ ಬಡ್ಡಿಗೆ ಓಡಿ ತೆಗೆದುಕೊಂಡು, ಶೇ. 7ರ ಎಫ್‌ಡಿಯಲ್ಲಿ ಹಣ ಇಡುವುದು ನಷ್ಟವೇ; ಮೊದಲು ಓಡಿ ಇಳಿಯಬೇಕು. ಆದರೆ ಸ್ಟಾಕು ಸಾಕಷ್ಟಿರುವಾಗ ಇನ್ನಷ್ಟು ತುಂಬಿಸಿದರೆ ಕಪಾಟು ಭಾರವಾಗುತ್ತದೆಯೇ ಹೊರತು ಗಿರಾಕಿ ಹೆಚ್ಚುವುದಿಲ್ಲ. ರಸ್ತೆ ಅಗಲೀಕರಣಕ್ಕೆ ಅಂಗಡಿ ಹೋದರೆ ದುಡಿಮೆಯೂ ಉಳಿತಾಯವೂ ಒಟ್ಟಿಗೇ ಹೋಗುತ್ತವೆ.

ಹಾಗೆಂದು ಹೊರಗೆ ತೆಗೆದ ಹಣ ಪೂರ್ತಿ ಸುರಕ್ಷಿತ ಎನ್ನುವಂತಿಲ್ಲ. ಒಬ್ಬರದೇ ಮಾಲೀಕತ್ವದ ವ್ಯಾಪಾರದಲ್ಲಿ ಸಾಲ ಕೊಟ್ಟವರು ಮಾಲೀಕರ ಸ್ವಂತ ಆಸ್ತಿಗೂ ಕೈಹಾಕಬಹುದು. ಪಿಪಿಎಫ್ ಖಾತೆಯನ್ನು ಮಾತ್ರ ಸಾಲದ ಡಿಕ್ರಿಗಾಗಿ ಕೋರ್ಟು ಜಪ್ತಿ ಮಾಡುವಂತಿಲ್ಲ. ಆ 15 ಸಾವಿರ ಮೊದಲು ಅಲ್ಲಿಗೇ ಹೋಗಲಿ ಎನ್ನುತ್ತೇನೆ.