ಎಲ್ಲರೂ 3 ಗಂಟೆಗೇ ಬರಬೇಕೆ?

ವಾರ್ಷಿಕೋತ್ಸವದ ಹಿಂದಿನ ದಿನ ಗ್ರ್ಯಾಂಡ್ ರಿಹರ್ಸಲ್. ‘ಎಲ್ಲ ಮಕ್ಕಳೂ 3 ಗಂಟೆಗೆ ಹಾಜರಿರಬೇಕು’ ಎಂಬ ಒಂದೇ ಸಂದೇಶ ಎಲ್ಲ ತರಗತಿಗಳ ವಾಟ್ಸಾಪ್ ಗುಂಪುಗಳಿಗೂ ಹೋಗುತ್ತದೆ. ಸಮಯ ಒಂದೇ ಆದರೆ ಗೊಂದಲವಿಲ್ಲ ಎಂಬುದು ಶಿಕ್ಷಕರ ವಾದ. ಆದರೆ ಫೋನಿನಲ್ಲಿ ತಪ್ಪಿದ ಗೊಂದಲ ಮೈದಾನದಲ್ಲಿ ಕಾದಿರುತ್ತದೆ. ನಾಲ್ಕು ನಿಮಿಷದ ನೃತ್ಯಕ್ಕೆ ಬಂದ ಎಲ್‌ಕೆಜಿ ಮಗು ಮೂರು ತಾಸು ಕಾದು, ಹಸಿದು, ತನ್ನ ಸರದಿ ಬರುವ ಹೊತ್ತಿಗೆ ಅಮ್ಮನ ಹೆಗಲ ಮೇಲೆ ನಿದ್ದೆ ಹೋಗಿರುತ್ತದೆ.

ಪ್ರತಿ ಗುಂಪಿಗೂ ಬೇರೆ ಸಮಯ ಕೊಡುವುದೇ ಸರಿ. ಅದನ್ನು ವೇದಿಕೆಯ ಸಮಯದಿಂದ ಹಿಂದಕ್ಕೆ ಎಣಿಸಬೇಕು.

ಯಕ್ಷಗಾನದ ತಂಡವನ್ನೇ ನೋಡಿ. ಎಂಟು ಮಕ್ಕಳು, ಬಣ್ಣ ಹಚ್ಚುವವರು ಇಬ್ಬರು, ಒಂದು ಮುಖಕ್ಕೆ 20 ನಿಮಿಷ ಎಂದುಕೊಂಡರೆ ಬಣ್ಣಕ್ಕೇ 80 ನಿಮಿಷ ಬೇಕು. ಕೊನೆಯವರಿಗೆ ವೇಷ ಕಟ್ಟಲು 20, ರಂಗದ ಹಿಂದೆ ನಿಲ್ಲಲು 10. ತಡವಾಗಿ ಬರುವವರಿಗಾಗಿ ಇನ್ನೂ 10 ಸೇರಿಸಿದರೆ ಎರಡು ತಾಸು. ವೇದಿಕೆ 6ಕ್ಕಾದರೆ ಕರೆ 4ಕ್ಕೆ. ಅದರಲ್ಲೂ ಮೊದಲ ನಾಲ್ವರು 4ಕ್ಕೆ ಬಂದರೆ ಸಾಕು. ಉಳಿದವರ ಮುಖಕ್ಕೆ ಕುಂಚ ತಾಗುವುದು 4:40ರ ನಂತರವೇ. ಮನೆಯಲ್ಲೇ ಉಡುಪು ತೊಟ್ಟು ಬರುವ ಎಲ್‌ಕೆಜಿಯವರಿಗೆ ಅರ್ಧ ತಾಸು ಧಾರಾಳ: ಹಾಜರಿ, ಶೌಚಾಲಯ, ಬಿಚ್ಚಿದ ಪಿನ್ನು, ಸಾಲು.

ಲೆಕ್ಕ ತಪ್ಪುವುದು ಹೆಚ್ಚಾಗಿ ಒಂದೇ ಕಡೆ. ಕಾರ್ಯಕ್ರಮ ಪಟ್ಟಿಯಲ್ಲಿರುವುದು ಉತ್ಸವದ ದಿನದ ಸಮಯ. ರಿಹರ್ಸಲ್‌ನಲ್ಲಿ ಹಾಡು ತಡವಾಗಿ ಶುರುವಾಗುತ್ತದೆ, ಮಕ್ಕಳು ತಪ್ಪು ಬದಿಯಿಂದ ಬರುತ್ತಾರೆ, ಟೀಚರು ‘ಇನ್ನೊಂದು ಸಲ’ ಎನ್ನುತ್ತಾರೆ. ಐದು ನಿಮಿಷದ ನೃತ್ಯ ಹತ್ತು ನಿಮಿಷ ತಿನ್ನುತ್ತದೆ. ಆದ್ದರಿಂದ ಪ್ರತಿ ಕಾರ್ಯಕ್ರಮಕ್ಕೂ ದುಪ್ಪಟ್ಟು ಹೊತ್ತು ಹಿಡಿದೇ ಎಣಿಸಬೇಕು.

ಸಂದೇಶದಲ್ಲಿ ವೇದಿಕೆಯ ಸಮಯವನ್ನು ಬರೆಯದಿರುವುದೇ ಒಳ್ಳೆಯದು. ಎರಡು ಸಮಯ ಕಂಡರೆ ಅವಸರದಲ್ಲಿರುವ ತಂದೆ ತಾಯಿ ತಡವಾದದ್ದನ್ನೇ ನೆನಪಿಡುತ್ತಾರೆ. ಹೀಗೆ ಬರೆದರೆ ಸಾಕು: ‘ಎಲ್‌ಕೆಜಿ ನೃತ್ಯ. ಶುಕ್ರವಾರ 3:45ಕ್ಕೆ ಹಿಂದಿನ ಗೇಟಿಗೆ ಕರೆತನ್ನಿ. ಉಡುಪು ಮನೆಯಲ್ಲೇ ತೊಡಿಸಿ. 4:45ಕ್ಕೆ ಅದೇ ಗೇಟಿನಲ್ಲಿ ಮಗುವನ್ನು ಕರೆದುಕೊಂಡು ಹೋಗಿ.’ ಮರಳಿ ಒಯ್ಯುವ ಸಮಯವನ್ನು ಬಿಡಲೇಬಾರದು. ಅಂಗಡಿಗೆ ಅರ್ಧ ದಿನ ಬಾಗಿಲು ಹಾಕುವ, ಕೂಲಿ ಬಿಟ್ಟು ಬರುವ ಪೋಷಕರಿಗೆ ಬರುವ ಹೊತ್ತಿನಷ್ಟೇ ಹೋಗುವ ಹೊತ್ತೂ ಮುಖ್ಯ. ಹೆಚ್ಚು ತಡವಾಗುತ್ತಿದ್ದರೆ, ಇನ್ನೂ ಮನೆ ಬಿಡದ ಗುಂಪುಗಳಿಗೆ ಮಾತ್ರ ಹೊಸ ಸಮಯ ಹೋಗಬೇಕು. ಎಲ್ಲರಿಗೂ ಕಳಿಸಿದರೆ ಆಗಲೇ ಗೇಟಿನಲ್ಲಿರುವವರು ಗಾಬರಿಯಾಗುತ್ತಾರೆ.

ಈ ಕ್ರಮ ನಿಜಕ್ಕೂ ಸೋಲುವುದು ಒಂದೇ ಮನೆಯ ಇಬ್ಬರು ಮಕ್ಕಳಲ್ಲಿ. ಅಕ್ಕನಿಗೆ 4ಕ್ಕೆ ಬಣ್ಣ, ತಮ್ಮನಿಗೆ 4:45ಕ್ಕೆ ಬಿಡುಗಡೆ, ಅಮ್ಮನಿಗೆ ಮನೆಗೂ ಶಾಲೆಗೂ ಮೂರು ಸುತ್ತು. ಇದಕ್ಕೆ ಸಂದೇಶದಲ್ಲಿ ಮದ್ದಿಲ್ಲ. ಕಾರ್ಯಕ್ರಮಗಳ ಕ್ರಮಸಂಖ್ಯೆ ನಿಗದಿಯಾಗುವ ಮೊದಲೇ ಕ್ಲಾಸ್ ಟೀಚರುಗಳು ಅಂಥ ಮಕ್ಕಳ ಹೆಸರು ಕೊಟ್ಟರೆ, ತಮ್ಮನ ನೃತ್ಯವನ್ನು ಯಕ್ಷಗಾನದ ಹತ್ತಿರಕ್ಕೆ ತರಬಹುದು.